ಜಾರುವ ನಳಿಕೆಗಳು ಬಾಗುವ ಬಗೆ

ಶ್ವಾಸನಾಳದ ಒಳಮೈಯಲ್ಲಿರುವ ಕೂದಲಿನಂಥ ಲೋಮಾಂಗವನ್ನೋ ವೀರ್ಯಾಣುವಿನ ಬಾಲವಾದ ಕಶಾಂಗವನ್ನೋ ಅಡ್ಡಲಾಗಿ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವ ವಿನ್ಯಾಸ ಒಂದೇ: ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಳಿಕೆಗಳು, ನಡುವೆ ಎರಡು ಬಿಡಿ ನಳಿಕೆಗಳು. ಇದೇ 9+2 ಜೋಡಣೆ. (ಬ್ಯಾಕ್ಟೀರಿಯಾದ ಕಶಾಂಗ ಬೇರೆಯೇ ಯಂತ್ರ, ಅದರಲ್ಲಿ ಈ ನಳಿಕೆಗಳಿಲ್ಲ.) ಪ್ರತಿ ಜೋಡಿಯಲ್ಲೂ 'ಎ' ನಳಿಕೆ ಪೂರ್ಣ ವೃತ್ತ, 'ಬಿ' ನಳಿಕೆ ಅದಕ್ಕೆ ಅಂಟಿಕೊಂಡ ಅರೆವೃತ್ತ. 'ಎ'ಯಿಂದ ಪಕ್ಕದ ಜೋಡಿಯ 'ಬಿ' ಕಡೆಗೆ ಚಾಚಿಕೊಂಡಿರುವ ತೋಳುಗಳೇ ಡೈನೀನ್ ಎಂಬ ಪ್ರೋಟೀನ್. ಹೊರಸಾಲಿನ ತೋಳುಗಳು ಪ್ರತಿ 24 ನ್ಯಾನೋಮೀಟರ್‌ಗೆ ಒಂದರಂತೆ ನಳಿಕೆಯುದ್ದಕ್ಕೂ ಇರುತ್ತವೆ.

ಡೈನೀನ್ ಯಾವುದನ್ನೂ ಬಗ್ಗಿಸುವುದಿಲ್ಲ. ಕೋಶದ ಇಂಧನವಾದ ಎಟಿಪಿಯನ್ನು ಒಡೆದು ಬಂದ ಶಕ್ತಿಯಿಂದ ಅದು ಪಕ್ಕದ 'ಬಿ' ನಳಿಕೆಯನ್ನು ಹಿಡಿದು ಬುಡದ ಕಡೆಗೆ ಹೆಜ್ಜೆಯಿಡುತ್ತದೆ. ಹೀಗಾಗಿ ಪಕ್ಕದ ಜೋಡಿ ತುದಿಯ ಕಡೆಗೆ ಜಾರುತ್ತದೆ, ಅಷ್ಟೆ.

1971ರಲ್ಲಿ ಸಮರ್ಸ್ ಮತ್ತು ಗಿಬ್ಬನ್ಸ್ ಇದನ್ನು ಬಹಳ ಸರಳವಾಗಿ ತೋರಿಸಿದರು. ಸೀ ಅರ್ಚಿನ್ ಎಂಬ ಕಡಲಜೀವಿಯ ವೀರ್ಯಾಣುಗಳ ಬಾಲದಿಂದ ಪೊರೆ ತೆಗೆದು, ಟ್ರಿಪ್ಸಿನ್ ಕಿಣ್ವದಿಂದ ಸ್ವಲ್ಪ ಹೊತ್ತು ಮಾತ್ರ ಜೀರ್ಣಿಸಿದರು. ಜೋಡಿಗಳನ್ನು ಒಂದಕ್ಕೊಂದು ಕಟ್ಟುವ ನೆಕ್ಸಿನ್ ಕೊಂಡಿಗಳು ಕಡಿದುಹೋದವು, ಡೈನೀನ್ ಉಳಿಯಿತು. ಎಟಿಪಿ ಸೇರಿಸಿದಾಗ ಬಾಲದ ತುಂಡುಗಳು ಬಾಗಲಿಲ್ಲ. ನಳಿಕೆಗಳು ಒಂದರ ಮೇಲೊಂದು ಜಾರಿ ಹೊರಬಂದು, ತುಂಡುಗಳು ಉದ್ದವಾದವು. ಜೀವಕೋಶದಲ್ಲಿ ಕೊಂಡಿಗಳು ಇರುತ್ತವೆ, ಬುಡವೂ ಬಿಗಿಯಾಗಿರುತ್ತದೆ. ಜಾರಲು ಮಿತಿಯಿರುವುದರಿಂದ ಇಡೀ ಕಟ್ಟು ಬಾಗುತ್ತದೆ. ಬೆನ್ನು ಹೊಲಿದ ಪುಸ್ತಕವನ್ನು ಬಗ್ಗಿಸಿದಾಗ ಹಾಳೆಗಳ ಅಂಚು ಮೆಟ್ಟಿಲಾಗುವುದಕ್ಕೂ ಇದಕ್ಕೂ ಜ್ಯಾಮಿತಿ ಒಂದೇ.

ಎಷ್ಟು ಜಾರಬೇಕು ಎಂದು ಲೆಕ್ಕ ಹಾಕಬಹುದು. ಎದುರುಬದುರಿನ ಜೋಡಿಗಳ ನಡುವಿನ ಅಂತರ ಸುಮಾರು 0.2 ಮೈಕ್ರೋಮೀಟರ್. 90 ಡಿಗ್ರಿ, ಅಂದರೆ 1.57 ರೇಡಿಯನ್ ಬಾಗಲು ಅವುಗಳ ನಡುವೆ 0.2 × 1.57, ಅಂದಾಜು 0.3 ಮೈಕ್ರೋಮೀಟರ್ ವ್ಯತ್ಯಾಸ ಸಾಕು. ಆ ವ್ಯತ್ಯಾಸವೂ ನಡುವಿನ ಜೋಡಿಗಳಲ್ಲಿ ಹಂಚಿಹೋಗುವುದರಿಂದ ಪಕ್ಕಪಕ್ಕದವು ಜಾರುವುದು ಇನ್ನೂ ಕಡಿಮೆ.

ಒಂಬತ್ತೂ ಕಡೆಯ ಡೈನೀನ್‌ಗಳು ಒಮ್ಮೆಗೇ ಸಮನಾಗಿ ಎಳೆದರೆ ಬಲಗಳು ಪರಸ್ಪರ ರದ್ದಾಗುತ್ತವೆ. ಹಾಗಾಗಿ ಒಂದು ಪಕ್ಕದವು ಗೆದ್ದಾಗ ಒಂದು ಕಡೆಗೆ, ಎದುರು ಪಕ್ಕದವು ಗೆದ್ದಾಗ ಇನ್ನೊಂದು ಕಡೆಗೆ ಬಾಗು. ಈ ಸರದಿಯನ್ನು ಹೊಂದಿಸುವುದರಲ್ಲಿ ನಡುವಿನ ಎರಡು ನಳಿಕೆಗಳಿಗೂ, ಅವುಗಳತ್ತ ಚಾಚಿದ ಅರಗಳಿಗೂ ಪಾಲಿದೆ.

ಡೈನೀನ್ ತೋಳುಗಳೇ ಇಲ್ಲದಿದ್ದರೆ? 1976ರಲ್ಲಿ ಆಫ್ಜೆಲಿಯಸ್ ಅಂಥ ರೋಗಿಗಳನ್ನು ವಿವರಿಸಿದರು: ವೀರ್ಯಾಣು ಚಲಿಸದು, ಶ್ವಾಸನಾಳದ ಕಫ ಮೇಲೇರದೆ ಮತ್ತೆ ಮತ್ತೆ ಸೋಂಕು. ಪತ್ತೆಗೆ ಮೂಗಿನ ಒಳಪದರದ ಕೋಶಗಳನ್ನು ಕೆರೆದು ತೆಗೆದು ಅಡ್ಡಸೀಳಿನಲ್ಲಿ ತೋಳುಗಳನ್ನು ಹುಡುಕುತ್ತಾರೆ. ಆದರೆ ಚಿತ್ರ ಸರಿಯಿದೆ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಡೈನೀನ್ ತಯಾರಿಗೆ ಬೇಕಾದ DNAH11 ಜೀನ್ ಕೆಟ್ಟವರಲ್ಲಿ 9+2 ವಿನ್ಯಾಸವೂ ತೋಳುಗಳೂ ಸಾಮಾನ್ಯವಾಗಿಯೇ ಕಾಣಬಹುದು. ಬಡಿತ ಮಾತ್ರ ಬಿರುಸಾಗಿ, ಬಾಗು ಕಡಿಮೆಯಾಗಿರುತ್ತದೆ. ಅಂಥವರಲ್ಲಿ ವೇಗದ ವಿಡಿಯೊ ಮತ್ತು ಜೀನ್ ಪರೀಕ್ಷೆ ಎರಡೂ ಬೇಕು.