ದೂರದಿಂದ ಬರೆಯುವ ಪ್ರಮಾಣಪತ್ರ ಪರೀಕ್ಷೆ: ಚೆಕ್-ಇನ್‌ನ ಅರ್ಧ ಗಂಟೆ, ಸಂಪರ್ಕ ಕಡಿದ ಹನ್ನೊಂದು ನಿಮಿಷ

ನಮ್ಮ ಕೋಣೆಯಲ್ಲೇ ಕುಳಿತು ಬರೆಯುವ ಪ್ರಮಾಣಪತ್ರ ಪರೀಕ್ಷೆಯಲ್ಲಿ ಮೇಲ್ವಿಚಾರಕರು ಎಲ್ಲೋ ದೂರದಲ್ಲಿ ಕುಳಿತು ಒಂದೇ ಹೊತ್ತಿಗೆ ಹಲವು ಅಭ್ಯರ್ಥಿಗಳನ್ನು ನೋಡುತ್ತಿರುತ್ತಾರೆ. ಅವರ ಕೈಯಲ್ಲಿರುವುದು ಮೂರೇ ಮೂರು ಆಧಾರಗಳು: ವೆಬ್‌ಕ್ಯಾಮ್ ತೋರಿಸುವ ಚಿತ್ರ, ಮೈಕ್ ಕೇಳಿಸುವ ಸದ್ದು ಮತ್ತು ನಮ್ಮ ಕಂಪ್ಯೂಟರಿನ ಪರದೆ. ಈ ಮೂರರಿಂದ ಖಚಿತಪಡಿಸಿಕೊಳ್ಳಲಾಗದ ಯಾವುದನ್ನೂ ಅವರು ಒಪ್ಪುವಂತಿಲ್ಲ. ನಿಯಮಪುಟದಲ್ಲಿ ಅತಿರೇಕವೆಂದು ಕಾಣುವ ಬಹುಪಾಲು ಸಾಲುಗಳು, ಉದಾಹರಣೆಗೆ ಪ್ರಶ್ನೆಯನ್ನು ತುಟಿಯಾಡಿಸಿ ಓದಬಾರದು, ಅಂಗೈಯಿಂದ ಬಾಯಿ ಮುಚ್ಚಿಕೊಳ್ಳಬಾರದು, ಹಾಳೆ ಪೆನ್ನು ಇರಬಾರದು ಎಂಬಂಥವು, ಈ ಮಿತಿಯಿಂದಲೇ ಹುಟ್ಟಿದವು. ತುಟಿಯಾಡಿಸುವವರು ತಮಗೆ ತಾವೇ ಓದಿಕೊಳ್ಳುತ್ತಿದ್ದಾರೋ ಇನ್ನೊಬ್ಬರಿಗೆ ಪ್ರಶ್ನೆಯನ್ನು ದಾಟಿಸುತ್ತಿದ್ದಾರೋ ಎಂದು ಕ್ಯಾಮೆರಾದಿಂದ ಹೇಳಲು ಬರುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಚೆಕ್-ಇನ್ ಹೊತ್ತು

ಹಲವು ಪ್ರಮಾಣಪತ್ರ ಪರೀಕ್ಷೆಗಳನ್ನು ನಡೆಸಿಕೊಡುವ ಪಿಯರ್‌ಸನ್ ವ್ಯೂ ಸಂಸ್ಥೆಯ ಆನ್‌ವ್ಯೂ ಎಂಬ ದೂರಪರೀಕ್ಷೆಯ ವ್ಯವಸ್ಥೆಯಲ್ಲಿ ನಿಗದಿತ ಸಮಯಕ್ಕೆ 30 ನಿಮಿಷ ಮೊದಲು ಚೆಕ್-ಇನ್ ತೆರೆಯುತ್ತದೆ. ನಿಗದಿತ ಸಮಯ ಮೀರಿ 15 ನಿಮಿಷದೊಳಗೆ ಅದನ್ನು ಶುರುಮಾಡದಿದ್ದರೆ ಆ ಪರೀಕ್ಷೆ ಕೈತಪ್ಪಿದಂತೆ. ಶುಲ್ಕವೂ ಸಾಮಾನ್ಯವಾಗಿ ಅದರೊಂದಿಗೇ ಹೋಗುತ್ತದೆ. ಬೇರೆ ಸಂಸ್ಥೆಗಳ ಲೆಕ್ಕ ಸ್ವಲ್ಪ ಬೇರೆಯಿರಬಹುದಾದ್ದರಿಂದ ನಿಮ್ಮ ದೃಢೀಕರಣ ಮಿಂಚಂಚೆಯಲ್ಲಿರುವ ಸಮಯವನ್ನೇ ನಂಬಬೇಕು. ಆ ಅರ್ಧ ಗಂಟೆ ಧಾರಾಳವಾಗಿದೆ ಎಂದು ತೋರಿದರೂ ಅದರಲ್ಲಿ ಮುಖದ ಚಿತ್ರ, ಗುರುತಿನ ಚೀಟಿಯ ಎರಡೂ ಬದಿ, ಕೋಣೆಯ ನಾಲ್ಕು ದಿಕ್ಕಿನ ಚಿತ್ರಗಳು ಮತ್ತು ಸರದಿಯಲ್ಲಿ ಕಾಯುವ ಹೊತ್ತು ಇವೆಲ್ಲ ಅಡಗಿರಬೇಕು. ಒಂದು ಚಿತ್ರ ತಿರಸ್ಕೃತವಾದರೂ ಸಾಕು, ಐದಾರು ನಿಮಿಷ ಕಳೆದುಹೋಗುತ್ತದೆ.

ಗುರುತಿನ ಚೀಟಿಯ ವಿಷಯದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು ಹೆಸರಿನದು. ನೋಂದಣಿ ಮಾಡುವಾಗ ಮೊದಲಕ್ಷರ ಹಾಕಿ ಚುಟುಕಾಗಿ ಬರೆದ ಹೆಸರು, ಚೀಟಿಯಲ್ಲಿ ಪೂರ್ಣವಾಗಿ ಮುದ್ರಿತವಾದ ಹೆಸರು, ಇವೆರಡೂ ಒಬ್ಬರವೇ ಎಂದು ನಮಗೆ ಗೊತ್ತು. ಮೇಲ್ವಿಚಾರಕರಿಗೆ ಅದನ್ನು ಊಹಿಸುವ ಅಧಿಕಾರವಿಲ್ಲ. ಪರೀಕ್ಷೆಯ ದಿನ ಅವರು ಹೆಸರನ್ನು ತಿದ್ದಿಕೊಡುವುದಿಲ್ಲ. ತಿದ್ದುಪಡಿಯನ್ನು ಪ್ರಮಾಣಪತ್ರ ಕೊಡುವ ಸಂಸ್ಥೆಯ ಖಾತೆಯಲ್ಲಿ ಮಾಡಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯಬಹುದು. ಆದ್ದರಿಂದ ಸಮಯ ಕಾಯ್ದಿರಿಸುವ ಮೊದಲೇ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಖಾತೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಲೇಸು.

ಎರಡನೆಯದು ಹೊಳಪು. ಚೀಟಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ತಲೆಯ ಮೇಲಿನ ದೀಪವನ್ನು ಪ್ರತಿಫಲಿಸಿ, ಸರಿಯಾಗಿ ಹೆಸರಿನ ಮೇಲೋ ದಿನಾಂಕದ ಮೇಲೋ ಬಿಳಿ ಮಚ್ಚೆ ಬೀಳಿಸುತ್ತದೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ದೊಡ್ಡದು ಮಾಡಿ ನೋಡುವವರಿಗೆ ಬೀಳುತ್ತದೆ. ಚೀಟಿಯನ್ನು ಬಣ್ಣ ಗಾಢವಾಗಿರುವ ಬಟ್ಟೆಯ ಮೇಲೆ ಚಪ್ಪಟೆಯಾಗಿಟ್ಟು, ಫ್ಲ್ಯಾಷ್ ಆರಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ ಚಿತ್ರ ತೆಗೆದರೆ ಈ ತೊಂದರೆ ಇರುವುದಿಲ್ಲ. ಚೀಟಿ ಮೂಲಪ್ರತಿಯೇ ಆಗಿರಬೇಕು, ಅವಧಿ ಮುಗಿದಿರಬಾರದು. ನಕಲು ಪ್ರತಿಯನ್ನಾಗಲಿ ಮೊಬೈಲಿನಲ್ಲಿ ತೋರಿಸುವ ಚಿತ್ರವನ್ನಾಗಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕೋಣೆಯ ಪರಿಶೀಲನೆ ಕೆಲವರಿಗೆ ಮುಜುಗರದ ಸಂಗತಿ, ಅದರಲ್ಲಿ ತಪ್ಪೇನಿಲ್ಲ. ಅಮೆರಿಕದ ಓಹಾಯೊದಲ್ಲಿ 2022ರಲ್ಲಿ ಫೆಡರಲ್ ನ್ಯಾಯಾಲಯವೊಂದು, ಸರ್ಕಾರಿ ವಿಶ್ವವಿದ್ಯಾಲಯ ವಿದ್ಯಾರ್ಥಿಯ ಮಲಗುವ ಕೋಣೆಯನ್ನು ಕ್ಯಾಮೆರಾದಲ್ಲಿ ಪರಿಶೀಲಿಸಿದ್ದು ಸಂವಿಧಾನಕ್ಕೆ ಹೊಂದದ ಶೋಧನೆ ಎಂದು ತೀರ್ಪಿತ್ತಿತ್ತು. ಆದರೆ ಅಲ್ಲಿ ಎದುರಿಗಿದ್ದದ್ದು ಸರ್ಕಾರಿ ಸಂಸ್ಥೆ. ಖಾಸಗಿ ಪ್ರಮಾಣಪತ್ರ ಪರೀಕ್ಷೆಯಲ್ಲಿ ನಾವೇ ಷರತ್ತುಗಳಿಗೆ ಒಪ್ಪಿಗೆ ಒತ್ತಿ ಒಳಗೆ ಬಂದಿರುತ್ತೇವೆ. ಹಾಗಾಗಿ ಕೋಣೆ ತೋರಿಸಲು ಮನಸ್ಸಿಲ್ಲದವರಿಗೆ ಪರೀಕ್ಷಾ ಕೇಂದ್ರವೇ ಸರಿಯಾದ ದಾರಿ.

ಮೇಜಿನ ಮೇಲೆ ಕಂಪ್ಯೂಟರ್, ಕೀಲಿಮಣೆ, ಮೌಸ್ ಬಿಟ್ಟರೆ ಬೇರೇನೂ ಇರದಿದ್ದರೆ ಸುಲಭ. ಎರಡನೆಯ ಮಾನಿಟರನ್ನು ಆರಿಸಿದರೆ ಮಾತ್ರ ಸಾಲದು, ಅದರ ತಂತಿಯನ್ನೇ ಕಳಚಬೇಕು. ಆರಿದ ಮಾನಿಟರು ಮುಂದೆ ಯಾವಾಗ ಹೊತ್ತಿಕೊಂಡೀತೆಂದು ಚಿತ್ರದಲ್ಲಿ ತಿಳಿಯದು. ಸಾಧ್ಯವಾದರೆ ಅದನ್ನು ಮೇಜಿನಿಂದಲೇ ತೆಗೆದಿಡಿ. ಚಿತ್ರ ತೆಗೆದ ಮೊಬೈಲನ್ನು ಕೈಗೆ ಎಟುಕದಷ್ಟು ದೂರ ಇಡಬೇಕು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದನ್ನು ಮರೆಯಬೇಡಿ, ಏಕೆಂದರೆ ಬೇರೊಬ್ಬರು ಒಳಗೆ ಕಾಲಿಟ್ಟರೆ ಪರೀಕ್ಷೆ ಅಲ್ಲಿಗೇ ನಿಲ್ಲಬಹುದು, ಬಂದವರ ಉದ್ದೇಶ ಏನೇ ಇರಲಿ.

ಯಂತ್ರ ಮತ್ತು ಸಂಪರ್ಕ

ಸಾಮಾನ್ಯವಾಗಿ ಸಂಸ್ಥೆಗಳು ಮೊದಲೇ ಓಡಿಸಿ ನೋಡಲು ಒಂದು ಸಿಸ್ಟಮ್ ಟೆಸ್ಟ್ ಕೊಡುತ್ತವೆ. ಅದನ್ನು ಪರೀಕ್ಷೆಗೆ ಬಳಸುವ ಅದೇ ಯಂತ್ರದಲ್ಲಿ, ಅದೇ ಸಂಪರ್ಕದಲ್ಲಿ, ದಿನದ ಅದೇ ಹೊತ್ತಿನಲ್ಲಿ ಓಡಿಸಬೇಕು. ಅಷ್ಟಾದರೂ ಅದು ಪೂರ್ತಿ ಭರವಸೆಯಲ್ಲ, ಏಕೆಂದರೆ ಅದು ನೋಡುವುದು ಒಂದೆರಡು ನಿಮಿಷದ ಸ್ಥಿತಿಯನ್ನು. ಪರೀಕ್ಷೆಗೆ ಬೇಕಾದದ್ದು ಒಂದೂವರೆ ಗಂಟೆ ಎಡೆಬಿಡದೆ ನಮ್ಮ ಚಿತ್ರವನ್ನು ಹೊರಗೆ ಕಳಿಸುವ ಶಕ್ತಿ. ಇಲ್ಲಿ ಡೌನ್‌ಲೋಡಿಗಿಂತ ಅಪ್‌ಲೋಡ್ ಮುಖ್ಯ, ವೇಗಕ್ಕಿಂತ ನಿರಂತರತೆ ಮುಖ್ಯ. ವಿಂಡೋಸ್ ಯಂತ್ರದಲ್ಲಿ ನಾನು ಹಿಂದಿನ ದಿನ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಐದು ನಿಮಿಷ ನೋಡುತ್ತೇನೆ:

```
ping -n 300 1.1.1.1
```

ಇದು ಸುಮಾರು ಸೆಕೆಂಡಿಗೊಮ್ಮೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತದೆ. ಕೊನೆಯಲ್ಲಿ, ಉತ್ತರ ಬಾರದವುಗಳನ್ನು ಎಣಿಸುವ `Lost` ಎಂಬುದರ ಮುಂದೆ ಒಂದೋ ಎರಡೋ ಇದ್ದರೆ ಚಿಂತೆಯಿಲ್ಲ. ಆದರೆ `Request timed out` ಎಂಬ ಸಾಲು ನಾಲ್ಕೈದು ಬಾರಿ ಒಟ್ಟಿಗೆ ಬಂದಿದ್ದರೆ ಸಂಪರ್ಕ ಆ ಕ್ಷಣಕ್ಕೆ ಪೂರ್ತಿ ಕಡಿದಿತ್ತು ಎಂದರ್ಥ, ಮತ್ತು ಪರೀಕ್ಷೆಯ ತಂತ್ರಾಂಶ ನಿಲ್ಲುವುದು ಇಂಥ ಕಡಿತಕ್ಕೇ. ವೈ-ಫೈ ಬಿಟ್ಟು ತಂತಿಯಿಂದ ರೂಟರಿಗೆ ಸೇರಿಸಿದರೆ ಹಲವು ಬಾರಿ ಇದು ಮಾಯವಾಗುತ್ತದೆ.

ಕಚೇರಿಯ ಲ್ಯಾಪ್‌ಟಾಪಿನಲ್ಲಿ ಬರೆಯಲು ಹೋಗಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿರುವ ವಿಪಿಎನ್, ಭದ್ರತಾ ತಂತ್ರಾಂಶ, ದೂರದಿಂದ ನಿಯಂತ್ರಿಸುವ ಸಲಕರಣೆ ಇವನ್ನು ಮುಚ್ಚುವ ಅನುಮತಿ ನಮಗಿರುವುದಿಲ್ಲ, ಅವು ಓಡುತ್ತಿದ್ದರೆ ಪರೀಕ್ಷೆಯ ತಂತ್ರಾಂಶ ಮುಂದೆ ಹೋಗಲು ಬಿಡುವುದಿಲ್ಲ. ಮ್ಯಾಕ್ ಬಳಸುವವರು `Privacy & Security` ಎಂಬಲ್ಲಿ ಕ್ಯಾಮೆರಾ, ಮೈಕ್ ಮತ್ತು ಪರದೆ ದಾಖಲಿಸುವ ಅನುಮತಿಗಳನ್ನು ಹಿಂದಿನ ದಿನವೇ ಕೊಟ್ಟಿರಬೇಕು. ಪರದೆಯ ಅನುಮತಿ ಕೊಟ್ಟ ಮೇಲೆ ತಂತ್ರಾಂಶವನ್ನು ಮುಚ್ಚಿ ಮತ್ತೆ ತೆರೆಯಬೇಕಾಗುತ್ತದೆ, ಚೆಕ್-ಇನ್ ನಡುವೆ ಇದು ಬೇಡದ ಗೋಜು.

ನಡುವೆ ಸಂಪರ್ಕ ಕಡಿದರೆ

ನನ್ನದೇ ಒಂದು ಪರೀಕ್ಷೆಯಲ್ಲಿ ನಡೆದದ್ದನ್ನು ಗಡಿಯಾರದ ಜೊತೆ ಹೇಳುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ. ಪರೀಕ್ಷೆ 10 ಗಂಟೆಗೆ, ಅವಧಿ 90 ನಿಮಿಷ. ಚೆಕ್-ಇನ್ 9:30ಕ್ಕೆ ಶುರುಮಾಡಿದೆ. ಚೀಟಿಯ ಹಿಂಬದಿಯ ಚಿತ್ರ ಹೊಳಪಿನಿಂದ ತಿರಸ್ಕೃತವಾಗಿ 9:44ಕ್ಕೆ ಎರಡನೆಯ ಸಲ ಕಳಿಸಿದೆ. ಮೇಲ್ವಿಚಾರಕರು ಚಾಟಿನಲ್ಲಿ ಬಂದು, ತೋಳು ಮಡಚಿ ಮಣಿಕಟ್ಟು ತೋರಿಸಲು ಮತ್ತು ಕನ್ನಡಕವನ್ನು ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿದರು. ಮೊದಲ ಪ್ರಶ್ನೆ ತೆರೆದದ್ದು 9:58ಕ್ಕೆ. 10:41ಕ್ಕೆ, 23ನೆಯ ಪ್ರಶ್ನೆಯಲ್ಲಿ ಉತ್ತರವನ್ನು ಗುರುತಿಸಿ ಮುಂದಿನದಕ್ಕೆ ಒತ್ತುವ ಮೊದಲೇ ಪರದೆ ಹೆಪ್ಪುಗಟ್ಟಿತು.

ಆಗ ಮೊದಲು ಹುಟ್ಟುವ ಆಸೆ ಎದ್ದುಹೋಗಿ ರೂಟರ್ ನೋಡಿಬರುವುದು. ಅದನ್ನು ತಡೆದುಕೊಳ್ಳಬೇಕು. ನಮಗೆ ಪರದೆ ನಿಂತಿದ್ದರೂ ಕ್ಯಾಮೆರಾದ ಚಿತ್ರ ಅವರಿಗೆ ಹೋಗುತ್ತಿರಬಹುದು, ಆಗ ದಾಖಲೆಯಲ್ಲಿ ಉಳಿಯುವುದು ಅಭ್ಯರ್ಥಿ ಅನುಮತಿಯಿಲ್ಲದೆ ಎದ್ದುಹೋದದ್ದು ಮಾತ್ರ. ಮೊಬೈಲ್ ಮುಟ್ಟುವುದೂ ಹಾಗೆಯೇ. ಸಹಾಯವಾಣಿಗೆ ಕರೆ ಮಾಡಲು ಅದನ್ನು ಬಳಸಬಹುದೇ ಎಂಬುದಕ್ಕೆ ಪ್ರತಿ ಸಂಸ್ಥೆಯ ನಿಯಮಪುಟದಲ್ಲಿ ಉತ್ತರವಿರುತ್ತದೆ, ಅದನ್ನು ಮೊದಲೇ ಓದಿರಬೇಕು. ನಾನು ಎರಡು ನಿಮಿಷ ಕೈಕಟ್ಟಿ ಕುಳಿತೆ. ಸಂಪರ್ಕ ಕಡಿದಿದೆ ಎಂಬ ಸೂಚನೆ 10:43ಕ್ಕೆ ಬಂದಿತು. ತಂತ್ರಾಂಶವನ್ನು ಮುಚ್ಚಿ, ಬೆಳಿಗ್ಗೆ ಇಳಿಸಿಕೊಂಡಿದ್ದ ಅದೇ ಕಡತವನ್ನು ಮತ್ತೆ ತೆರೆದು, ಅದೇ ಪ್ರವೇಶ ಸಂಕೇತವನ್ನು ಕೊಟ್ಟೆ. ಮೇಲ್ವಿಚಾರಕರು ಮತ್ತೊಮ್ಮೆ ಮುಖ ನೋಡಿ 10:52ಕ್ಕೆ ಒಳಬಿಟ್ಟರು.

ಒಳಗೆ ಹೋದೊಡನೆ ಎರಡು ಸಂಗತಿಗಳನ್ನು ನೋಡಬೇಕು. ಒಂದು, ಉತ್ತರಗಳು. ಸಾಮಾನ್ಯವಾಗಿ ಉತ್ತರ ಸರ್ವರಿಗೆ ಸೇರುವುದು ಮುಂದಿನ ಪ್ರಶ್ನೆಗೆ ಹೋದಾಗ. 22ರವರೆಗಿನವು ಹಾಗೆಯೇ ಇದ್ದವು, 23ನೆಯದು ಖಾಲಿಯಾಗಿತ್ತು. ಪರದೆಯ ಮೇಲಿನ ಬಿಳಿಹಲಗೆಯಲ್ಲಿ ಬರೆದಿಟ್ಟಿದ್ದ ಲೆಕ್ಕವೂ ಅಳಿಸಿಹೋಗಿತ್ತು. ಇನ್ನೊಂದು, ಸಮಯ. ಹೆಪ್ಪುಗಟ್ಟಿದಾಗ 43 ನಿಮಿಷ ಕಳೆದು 47 ಉಳಿದಿತ್ತು, ಮರಳಿದಾಗಲೂ 47 ಎಂದೇ ತೋರಿಸಿತು, ಅಂದರೆ ಗಡಿಯಾರವನ್ನು ನಿಲ್ಲಿಸಿದ್ದರು. ಅದು 36 ಎಂದು ತೋರಿಸಿದ್ದರೆ ಆ ಹನ್ನೊಂದು ನಿಮಿಷ ನನ್ನ ಲೆಕ್ಕಕ್ಕೇ ಹೋಗಿದೆ ಎಂದಾಗುತ್ತಿತ್ತು, ಆಗ ಮುಂದಿನ ಪ್ರಶ್ನೆ ಮುಟ್ಟುವ ಮೊದಲೇ ಚಾಟಿನಲ್ಲಿ ತಿಳಿಸಬೇಕಿತ್ತು. ಬರೆದಿಡಲು ಹಾಳೆಯಿಲ್ಲದ ಕಾರಣ ಪ್ರತಿ ಹತ್ತು ಪ್ರಶ್ನೆಗೊಮ್ಮೆ ಉಳಿದ ಸಮಯವನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುವ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ವಿರಾಮದೊಂದಿಗೆ ಇದನ್ನು ಬೆರೆಸಿಕೊಳ್ಳಬೇಡಿ. ಮೈಕ್ರೋಸಾಫ್ಟ್ ಪರೀಕ್ಷೆಗಳಲ್ಲಿ ನಡುವೆ ಎದ್ದುಹೋಗಲು ಅವಕಾಶವಿದೆ, ಆದರೆ ಗಡಿಯಾರ ಓಡುತ್ತಲೇ ಇರುತ್ತದೆ, ಅಲ್ಲಿಯವರೆಗೆ ನೋಡಿದ ಪ್ರಶ್ನೆಗಳಿಗೆ ಮರಳಲು ಬರುವುದಿಲ್ಲ. ಹಲವು ಬೇರೆ ಪರೀಕ್ಷೆಗಳಲ್ಲಿ ವಿರಾಮವೇ ಇಲ್ಲ.

ಮರಳಿ ಸೇರಲಾಗದೇ ಹೋದರೆ, ಅದೇ ದಿನ ಸಹಾಯ ಪುಟದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆದುಕೊಳ್ಳಬೇಕು. ಮೇಲ್ವಿಚಾರಕರೊಡನೆ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ. ಮರುಪರೀಕ್ಷೆ ಕೊಡುವುದಾಗಲಿ ಶುಲ್ಕ ಮರಳಿಸುವುದಾಗಲಿ ಅವರ ಕೈಯಲ್ಲಿಲ್ಲ. ದೂರಿನಲ್ಲಿ ಬೇಸರಕ್ಕಿಂತ ಗಡಿಯಾರಕ್ಕೆ ಹೆಚ್ಚು ಜಾಗ ಕೊಡಿ: ಎಷ್ಟು ಹೊತ್ತಿಗೆ ನಿಂತಿತು, ಯಾವ ಪ್ರಶ್ನೆಯಲ್ಲಿ, ಪರದೆಯಲ್ಲಿ ಬಂದ ಸೂಚನೆಯ ಮಾತುಗಳು ಏನು, ಎಷ್ಟು ಬಾರಿ ಮರಳಿ ಸೇರಲು ಪ್ರಯತ್ನಿಸಿದಿರಿ. ಅವರ ಬಳಿ ಸರ್ವರಿನ ದಾಖಲೆ ಇರುತ್ತದೆ, ನಿಮ್ಮ ಸಮಯಗಳು ಅದಕ್ಕೆ ತಾಳೆಯಾದರೆ ಬೇಗ ಇತ್ಯರ್ಥವಾಗುತ್ತದೆ. ದೂರನ್ನೇ ಕೊಡದೆ ತಂತ್ರಾಂಶ ಮುಚ್ಚಿ ಎದ್ದವರ ಖಾತೆಯಲ್ಲಿ ಮಾತ್ರ ಆ ಪರೀಕ್ಷೆ ಕೆಲವೊಮ್ಮೆ ಗೈರುಹಾಜರಿಯಾಗಿ, ಕೆಲವೊಮ್ಮೆ ಅಲ್ಲಿಯವರೆಗಿನ ಉತ್ತರಗಳಿಗಷ್ಟೇ ಅಂಕ ಬಿದ್ದ ಅನುತ್ತೀರ್ಣ ಫಲಿತಾಂಶವಾಗಿ ಉಳಿದುಬಿಡುತ್ತದೆ.