ಕಾಣೆಯಾದ ಆರು ಟಾರ್ಪಾಲ್ ಯಾವ ಲೆಕ್ಕದಲ್ಲಿವೆ?

ಚಿಕ್ಕಮಗಳೂರಿನ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕಪತ್ರವನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಅಲ್ಲಿ ಟಾರ್ಪಾಲ್‌ಗೆ ವರ್ಷದಲ್ಲಿ ಎರಡು ಸೀಸನ್. ಜೂನ್‌ನಲ್ಲಿ ಮಳೆ ಹಿಡಿದಾಗ ಒಂದು. ಕಾಫಿ ಕೊಯ್ದು ಕಣದಲ್ಲಿ ಒಣಗಿಸುವ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇನ್ನೊಂದು. ಮೂಡಿಗೆರೆ, ಆಲ್ದೂರು ಕಡೆಯ ತೋಟದವರೆಲ್ಲ ಬಂದು ಕೊಳ್ಳುತ್ತಾರೆ.

ಒಂದು ಏಪ್ರಿಲ್‌ನಲ್ಲಿ ಮಾಲೀಕರು ಲೆಕ್ಕದ ಕಾಗದ ಹಿಡಿದು ಬಂದರು. "ಸಾರ್, ವ್ಯಾಪಾರ ಚೆನ್ನಾಗೇ ಆಗಿದೆ. ಆದರೆ ಲಾಭ ಯಾಕೋ ಕಮ್ಮಿ ಕಾಣ್ತಿದೆ" ಅಂದರು. ಆ ಪ್ರಶ್ನೆಗೆ ಅವರ ಲೆಕ್ಕದ ಪದ್ಧತಿಯಲ್ಲಿ ಉತ್ತರವೇ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದನ್ನು ಒಂದೇ ಒಂದು ಸರಕು ಹಿಡಿದು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ. ಬೆಲೆಗಳಲ್ಲಿ ಜಿಎಸ್‌ಟಿ ಸೇರಿಲ್ಲ.

ಒಂದೇ ಅಳತೆಯ ಟಾರ್ಪಾಲ್ ತೆಗೆದುಕೊಳ್ಳಿ. ಏಪ್ರಿಲ್ 1ರಂದು ಅಂಗಡಿಯಲ್ಲಿ 40 ಇದ್ದವು, ತಲಾ 1,000 ರೂಪಾಯಿಯವು. ಮೇ ತಿಂಗಳಲ್ಲಿ 1,100ರ ದರದಲ್ಲಿ 60 ಬಂದವು. ಮಳೆಗಾಲದಲ್ಲಿ 80 ಮಾರಾಟವಾದವು. ನವೆಂಬರ್‌ನಲ್ಲಿ ದರ ಏರಿತ್ತು, 1,240ರಂತೆ 100 ತರಿಸಿದರು. ಕಾಫಿ ಸೀಸನ್ನಿನಲ್ಲಿ ಮತ್ತೆ 80 ಹೋದವು. ಮಾರಿದ ದರ ವರ್ಷವಿಡೀ 1,500. ಅಂದರೆ 160 ಟಾರ್ಪಾಲ್‌ಗೆ 2,40,000 ರೂಪಾಯಿ ಬಿಲ್ ಆಗಿದೆ. ಮಾರ್ಚ್ 31ರ ಸಂಜೆ ಶಟರ್ ಅರ್ಧ ಎಳೆದು ಎಣಿಸಿದಾಗ ಸಿಕ್ಕಿದ್ದು 34.

ಅವರದು ಪೀರಿಯಾಡಿಕ್ ಪದ್ಧತಿ. ನಮ್ಮ ಊರಿನ ಬಹಳಷ್ಟು ಅಂಗಡಿಗಳದ್ದೂ ಅದೇ. ಸರಕು ಬಂದಾಗ ಖರೀದಿ ಖಾತೆಗೆ ಬರೆಯುತ್ತಾರೆ. ಮಾರಿದಾಗ ಮಾರಾಟದ ಖಾತೆಗೆ ಬರೆಯುತ್ತಾರೆ. ಮಾರಿದ ವಸ್ತುವಿಗೆ ನಮಗೆ ಎಷ್ಟು ಬಿದ್ದಿತ್ತು ಅನ್ನುವುದನ್ನು ಆಗ ಯಾರೂ ಬರೆಯುವುದಿಲ್ಲ. ಅದು ವರ್ಷದ ಕೊನೆಯಲ್ಲಿ, ಸ್ಟಾಕ್ ಎಣಿಸಿದ ಮೇಲೆ, ಕಳೆಯುವ ಲೆಕ್ಕದಿಂದ ಬರುತ್ತದೆ:

ಮಾರಿದ ಸರಕಿನ ವೆಚ್ಚ = ಓಪನಿಂಗ್ ಸ್ಟಾಕ್ + ಖರೀದಿ − ಕ್ಲೋಸಿಂಗ್ ಸ್ಟಾಕ್

ನಮ್ಮ ಉದಾಹರಣೆಯಲ್ಲಿ ಓಪನಿಂಗ್ ಸ್ಟಾಕ್ 40,000, ಖರೀದಿ 66,000 ಮತ್ತು 1,24,000. ಒಟ್ಟು 200 ಟಾರ್ಪಾಲ್, 2,30,000 ರೂಪಾಯಿ. ಸರಾಸರಿ ಒಂದಕ್ಕೆ 1,150. ಉಳಿದ 34ಕ್ಕೆ 39,100. ಕಳೆದರೆ ಮಾರಿದ ಸರಕಿನ ವೆಚ್ಚ 1,90,900. ಒಟ್ಟು ಲಾಭ 49,100.

ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ. ಆದರೆ "ಮಾರಿದ ಸರಕಿನ ವೆಚ್ಚ" ಅನ್ನುವ ಹೆಸರನ್ನು ಸ್ವಲ್ಪ ಗಮನಿಸಿ. ಮಾರಿದ್ದು 160. ಅದಕ್ಕೆ 1,150ರಂತೆ 1,84,000 ಆಗಬೇಕು. ಉಳಿದ 6,900 ಎಲ್ಲಿಂದ ಬಂತು? 200ರಲ್ಲಿ 160 ಹೋದರೆ 40 ಇರಬೇಕಿತ್ತು. ಇದ್ದದ್ದು 34. ಆ ಆರರ ಬೆಲೆಯೇ 6,900. ಕಪಾಟಿನಲ್ಲಿ ಇಲ್ಲದಿದ್ದ ಮೇಲೆ ಮಾರಿರಬೇಕು ಅಂತ ಈ ಪದ್ಧತಿ ಅಂದುಕೊಳ್ಳುತ್ತದೆ. ಕಳುವಾಗಲಿ, ಇಲಿ ಕಡಿದು ಎಸೆದಿರಲಿ, ಬಿಲ್ ಹಾಕದೆ ಕೊಟ್ಟಿರಲಿ, ಎಲ್ಲವನ್ನೂ ಮಾರಿದ ಸರಕಿನ ವೆಚ್ಚದೊಳಗೆ ನುಂಗಿಬಿಡುತ್ತದೆ. ಬಿಲ್ಲುಗಳನ್ನು ಕೂತು ಎಣಿಸಿದರೆ ಕೊರತೆ ಗೊತ್ತಾಗುತ್ತದೆ, ನಿಜ. ಆದರೆ ಹಾಗೆ ಎಣಿಸಿ ಅಂತ ಪದ್ಧತಿ ಎಲ್ಲೂ ಕೇಳುವುದಿಲ್ಲ. ಹಾಗಾಗಿ ಯಾರೂ ಎಣಿಸುವುದಿಲ್ಲ.

ಈಗ ಅದೇ ಸರಕು ಪರ್ಪೆಚುವಲ್ ಪದ್ಧತಿಯಲ್ಲಿ ಹೇಗೆ ನಡೆಯುತ್ತದೆ ನೋಡೋಣ. ಇಲ್ಲಿ ಸರಕು ಬಂದಾಗ ಅದು ನೇರ ಸ್ಟಾಕ್ ಖಾತೆಗೆ ಹೋಗುತ್ತದೆ. ಪ್ರತಿ ಮಾರಾಟಕ್ಕೂ ಎರಡು ನಮೂದು. ಒಂದು, ಗಿರಾಕಿಯಿಂದ ಬಂದ ಹಣಕ್ಕೆ. ಇನ್ನೊಂದು, ಸ್ಟಾಕ್‌ನಿಂದ ಹೊರಟ ವಸ್ತುವಿನ ವೆಚ್ಚಕ್ಕೆ. ಎರಡನೆಯದನ್ನು ಕೈಯಲ್ಲಿ ಬರೆಯುವ ಕಾಲದಲ್ಲಿ ಸಣ್ಣ ಅಂಗಡಿಗೆ ಇದು ಆಗುವ ಕೆಲಸವಾಗಿರಲಿಲ್ಲ. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುತ್ತದೆ.

ಮೇ ಖರೀದಿಯ ನಂತರ 100 ಟಾರ್ಪಾಲ್‌ಗೆ 1,06,000, ಸರಾಸರಿ 1,060. ಮಳೆಗಾಲದಲ್ಲಿ ಮಾರಿದ 80ರ ವೆಚ್ಚ 84,800. ಉಳಿದದ್ದು 20, ಅದರ ಬೆಲೆ 21,200. ನವೆಂಬರ್‌ನ 100 ಸೇರಿದಾಗ 120ಕ್ಕೆ 1,45,200. ಹೊಸ ಸರಾಸರಿ 1,210. ಕಾಫಿ ಸೀಸನ್ನಿನ 80ರ ವೆಚ್ಚ 96,800. ಎರಡೂ ಸೇರಿ 1,81,600. ಇದು ನಿಜವಾಗಿ ಬಿಲ್ ಹಾಕಿ ಮಾರಿದ 160ರ ವೆಚ್ಚ, ಬೇರೇನೂ ಇದರಲ್ಲಿ ಸೇರಿಲ್ಲ. ಒಟ್ಟು ಲಾಭ 58,400.

ಮಾರ್ಚ್ 31ಕ್ಕೆ ಪುಸ್ತಕ 40 ಇದೆ ಅನ್ನುತ್ತದೆ. ಕಪಾಟು 34 ಅನ್ನುತ್ತದೆ. ಆರರ ಬೆಲೆ 7,260 ರೂಪಾಯಿ. ಅದನ್ನು ಸ್ಟಾಕ್ ಕೊರತೆ ಅಂತ ಪ್ರತ್ಯೇಕ ಸಾಲಿನಲ್ಲಿ ತೋರಿಸಬೇಕಾಗುತ್ತದೆ. ಹೀಗೆ ಒಂದು ಸಾಲು ಕಣ್ಣಿಗೆ ಬಿದ್ದರೆ ಮಾಲೀಕರು ಸುಮ್ನೆ ಕೂರುವುದಿಲ್ಲ, ಅಲ್ವಾ? ಪೀರಿಯಾಡಿಕ್ ಲೆಕ್ಕದಲ್ಲಿ ಆ ಸಾಲೇ ಇರಲಿಲ್ಲ.

ನಾವು ಹುಡುಕಿದೆವು. ಬಿ.ಕಾಂ. ಮುಗಿಸಿ ಅಂಗಡಿಯಲ್ಲೇ ಬಿಲ್ಲಿಂಗ್ ನೋಡುವ ಮಾಲೀಕರ ಮಗಳು ಕೌಂಟರ್ ಪಕ್ಕದ ಚೀಟಿ ಪುಸ್ತಕ ತಿರುವುತ್ತಾ ಹೋದಳು. ಜನವರಿಯ ಒಂದು ಸಂಜೆ ಇದ್ದಕ್ಕಿದ್ದಂತೆ ಮಳೆ ಮೋಡ ಕಟ್ಟಿತ್ತು. ಕಣದಲ್ಲಿ ಕಾಫಿ ಹರಡಿತ್ತು. ಒಂದು ಎಸ್ಟೇಟಿನ ರೈಟರ್ ಜೀಪಿನಲ್ಲಿ ಬಂದು, ದುಡ್ಡು ಆಮೇಲೆ ಕಳಿಸ್ತೀವಿ ಅಂತ ನಾಲ್ಕು ಟಾರ್ಪಾಲ್ ಒಯ್ದಿದ್ದರು. ಚೀಟಿಯಲ್ಲಿ ಬರೆದಿತ್ತು, ಬಿಲ್ ಆಗಿರಲಿಲ್ಲ. "ಅಪ್ಪಾ, ಇದು ಕಳೆದುಹೋಗಿಲ್ಲ, ನಮಗೆ ಬರಬೇಕಾದ ದುಡ್ಡು" ಅಂದಳು. ಐದನೆಯದನ್ನು ಗೋಡೌನ್‌ನಲ್ಲಿ ಇಲಿ ಕಡಿದಿತ್ತು, ಹುಡುಗರು ಅದನ್ನು ಸಿಮೆಂಟ್ ಚೀಲದ ಕೆಳಗೆ ಹಾಸಿದ್ದರು. ಆರನೆಯದು ಕೊನೆಗೂ ಸಿಗಲಿಲ್ಲ.

ಲೆಕ್ಕ ಹೀಗೆ ಬದಲಾಯಿತು. ನಾಲ್ಕಕ್ಕೆ ಬಿಲ್ ಹಾಕಿದಾಗ ಮಾರಾಟಕ್ಕೆ 6,000 ಸೇರಿತು, ಆ ಎಸ್ಟೇಟಿನ ಖಾತೆಯಲ್ಲಿ ಬಾಕಿ ಕಂಡಿತು. ತಡವಾದರೂ ಅದರ ಜಿಎಸ್‌ಟಿ ಕಟ್ಟಬೇಕಾಯಿತು. ಅವುಗಳ ವೆಚ್ಚ 4,840 ಕೊರತೆಯಿಂದ ಮಾರಿದ ಸರಕಿನ ವೆಚ್ಚಕ್ಕೆ ಬಂದು, ಅದು 1,86,440 ಆಯಿತು. ಕೊರತೆಯಾಗಿ ಉಳಿದದ್ದು ಎರಡು ಮಾತ್ರ, 2,420 ರೂಪಾಯಿ. ಈ ಎರಡರ ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ತೆಗೆದುಕೊಂಡಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅನ್ನೂ ವಾಪಸ್ ಮಾಡಬೇಕು. ಕಳೆದುಹೋದ, ಕಳುವಾದ, ಹಾಳಾದ ಸರಕಿಗೆ ಕ್ರೆಡಿಟ್ ಇಲ್ಲ ಅಂತ ಜಿಎಸ್‌ಟಿ ಕಾಯ್ದೆಯ 17(5) ಕಲಂ ಹೇಳುತ್ತದೆ. ಪೀರಿಯಾಡಿಕ್ ಪದ್ಧತಿಯವರಿಗೆ ಎಷ್ಟು ವಾಪಸ್ ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ವಹಿವಾಟಿನ ಮೇಲೆ ಸರಳ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರನ್ನು ಬಿಟ್ಟು ನೋಂದಣಿಯಾದ ಉಳಿದ ವ್ಯಾಪಾರಿಗಳು ಸರಕಿನ ಒಳಬರುವಿಕೆ, ಹೊರಹೋಗುವಿಕೆ, ನಷ್ಟದ ಲೆಕ್ಕ ಇಡಬೇಕು ಅಂತ ಜಿಎಸ್‌ಟಿಯ 56ನೇ ನಿಯಮವೂ ಇದೆ. ಅದನ್ನು ಓದಿದವರು ಕಮ್ಮಿ.

ಚುರುಕು ಓದುಗರು ಇಷ್ಟರಲ್ಲಿ ಒಂದು ಪ್ರಶ್ನೆ ಎತ್ತಿರಬಹುದು. ಕೊರತೆ ಆರೇ ಆದರೂ ಒಂದು ಕಡೆ 6,900, ಇನ್ನೊಂದು ಕಡೆ 7,260 ಯಾಕೆ? ಪೀರಿಯಾಡಿಕ್‌ನಲ್ಲಿ ಇಡೀ ವರ್ಷಕ್ಕೆ ಒಂದೇ ಸರಾಸರಿ, 1,150. ಮಳೆಗಾಲದಲ್ಲಿ ಮಾರಿದ ಟಾರ್ಪಾಲ್‌ಗೂ ನವೆಂಬರ್‌ನ ದುಬಾರಿ ದರದ ಪಾಲು ಅಂಟುತ್ತದೆ, ಆಗ ಆ ಸರಕು ಅಂಗಡಿಗೆ ಬಂದೇ ಇರಲಿಲ್ಲ! ಪರ್ಪೆಚುವಲ್‌ನಲ್ಲಿ ಪ್ರತಿ ಖರೀದಿಗೂ ಸರಾಸರಿ ಬದಲಾಗುತ್ತದೆ. ನಮ್ಮ ಲೆಕ್ಕಪತ್ರದ ಮಾನದಂಡ ಎಎಸ್ 2 ಎರಡೂ ಸರಾಸರಿಗಳನ್ನು ಒಪ್ಪುತ್ತದೆ. ಒಂದನ್ನು ಹಿಡಿದರೆ ವರ್ಷ ವರ್ಷವೂ ಅದನ್ನೇ ನಡೆಸಬೇಕು, ಅಷ್ಟೇ.

ಮೊದಲು ಬಂದದ್ದು ಮೊದಲು ಹೋಯಿತು ಅನ್ನುವ ಫೈಫೋ ಹಿಡಿದರೆ ಈ ವ್ಯತ್ಯಾಸವೇ ಇರುವುದಿಲ್ಲ. ಉಳಿದ 34 ನವೆಂಬರ್‌ನವೇ, 1,240ರಂತೆ 42,160. ಎರಡೂ ಪದ್ಧತಿಯಲ್ಲಿ ಅದೇ ಅಂಕಿ. ಆದರೆ ಕೊರತೆಯನ್ನು ನುಂಗುವ ಗುಣ ಪೀರಿಯಾಡಿಕ್‌ಗೆ ಫೈಫೋದಲ್ಲೂ ಹಾಗೇ ಉಳಿಯುತ್ತದೆ.

ಹಾಗಂತ ಕಂಪ್ಯೂಟರ್ ಹಾಕಿಸಿದ ತಕ್ಷಣ ಎಣಿಸುವ ಕೆಲಸ ತಪ್ಪಿತು ಅಂದುಕೊಳ್ಳಬೇಡಿ. ನಾನು ಅತಿ ಜಾಸ್ತಿ ನೋಡುವ ತಪ್ಪು ಇದೇ. ಎಣಿಸದೆ ಪರದೆಯ ಮೇಲಿನ 40ನ್ನೇ ಕ್ಲೋಸಿಂಗ್ ಸ್ಟಾಕ್ ಅಂತ ತೆಗೆದುಕೊಂಡರೆ, ಇಲ್ಲದ ಟಾರ್ಪಾಲ್‌ಗಳ ಬೆಲೆ ಲಾಭವಾಗಿ ಕುಳಿತುಕೊಳ್ಳುತ್ತದೆ. ಅದರ ಮೇಲೆ ಆದಾಯ ತೆರಿಗೆಯನ್ನೂ ಕಟ್ಟುತ್ತೀರಿ. ಪರ್ಪೆಚುವಲ್ ಪದ್ಧತಿ ಎಷ್ಟು ಇರಬೇಕಿತ್ತು ಅಂತ ಮಾತ್ರ ಹೇಳುತ್ತದೆ. ಎಷ್ಟು ಇದೆ ಅಂತ ನೀವೇ ಹೇಳಬೇಕು.

ಪುಸ್ತಕ ಹಳಿ ತಪ್ಪಿದೆ ಅಂತ ಗೊತ್ತಾಗುವ ಒಂದು ಗುರುತು ಇದೆ. ಸ್ಟಾಕ್ ವರದಿಯಲ್ಲಿ ಯಾವುದಾದರೂ ಸರಕು ಮೈನಸ್‌ನಲ್ಲಿ ಕಾಣುತ್ತದೆಯೇ ನೋಡಿ. ಸರಕು ಬಂದ ದಿನವೇ ಮಾರಾಟ ಶುರುವಾಗಿರುತ್ತದೆ, ಖರೀದಿ ಬಿಲ್ ಮಾತ್ರ ವಾರ ಬಿಟ್ಟು ದಾಖಲಾಗಿರುತ್ತದೆ. ಆ ವಾರದಲ್ಲಿ ಇಲ್ಲದ ಸರಕನ್ನು ಮಾರಿದಂತೆ ಆಗಿ, ಸರಾಸರಿ ದರ ಅಡ್ಡಾದಿಡ್ಡಿ ಆಗುತ್ತದೆ. ಇನ್ನೊಂದು ಗುರುತು, 12 ಅಡಿಯದು ಮೂರು ಕಮ್ಮಿ, 15 ಅಡಿಯದು ಮೂರು ಜಾಸ್ತಿ. ಅದು ಕಳ್ಳತನವಲ್ಲ, ಬಿಲ್ ಹಾಕುವಾಗ ತಪ್ಪು ಐಟಂ ಒತ್ತಿದ್ದು.

ಪೀರಿಯಾಡಿಕ್‌ನವರಿಗೆ ಮಾರ್ಚ್ ಕೊನೆಯ ವಾರ ಅಪಾಯದ ವಾರ. ಬೆಂಗಳೂರಿನಿಂದ 30ರ ತಾರೀಕಿನ ಬಿಲ್ ಬಂದಿರುತ್ತದೆ, ಲಾರಿ ಬರುವುದು ಏಪ್ರಿಲ್ 2ಕ್ಕೆ. ಬಿಲ್ ಖರೀದಿಗೆ ಸೇರಿತು, ಸರಕು ಎಣಿಕೆಗೆ ಸಿಗಲಿಲ್ಲ. ಕಳೆಯುವ ಲೆಕ್ಕದಲ್ಲಿ ಆ ಪೂರ್ತಿ ಲೋಡ್ ಮಾರಿದ ಸರಕಿನ ವೆಚ್ಚವಾಗಿಬಿಡುತ್ತದೆ. ಈ ವರ್ಷ ಲಾಭ ಬೀಳುತ್ತದೆ. ಮುಂದಿನ ವರ್ಷ ಓಪನಿಂಗ್ ಸ್ಟಾಕ್ ಕಮ್ಮಿ ಇರುವುದರಿಂದ ಅಷ್ಟೇ ಲಾಭ ಏರುತ್ತದೆ. ಎರಡೂ ವರ್ಷದ ಚಿತ್ರ ಸುಳ್ಳು.

ಎಲ್ಲ ಸರಕಿಗೂ ಪರ್ಪೆಚುವಲ್ ಬೇಕು ಅಂತ ನಾನು ಹೇಳುವುದಿಲ್ಲ. ಮೊಳೆ, ಸ್ಕ್ರೂ, ಕಟ್ಟುವ ತಂತಿಯನ್ನು ಕೆಜಿ ಲೆಕ್ಕದಲ್ಲಿ ತೂಗಿ ಕೊಡುವಾಗ ಪ್ರತಿ ಬಾರಿಯೂ ಐವತ್ತು ಗ್ರಾಂ ಆಚೀಚೆ ಆಗುತ್ತದೆ. ಅದರ ಹಿಂದೆ ಓಡಿದರೆ ಖರ್ಚೇ ಜಾಸ್ತಿ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಅವುಗಳಿಗೆ ಬಂದದ್ದರ, ಮಾರಿದ್ದರ ತೂಕವನ್ನಷ್ಟೇ ಬರೆದಿಟ್ಟು, ಅವುಗಳ ವೆಚ್ಚವನ್ನು ಹಳೆಯ ಪದ್ಧತಿಯಲ್ಲೇ ವರ್ಷದ ಕೊನೆಗೆ ತೆಗೆಯುತ್ತಾರೆ. ಟಾರ್ಪಾಲ್, ಮೋಟಾರ್ ಪಂಪ್, ಪೈಪ್, ಸ್ಪ್ರೇಯರ್ ಮಾತ್ರ ಪರ್ಪೆಚುವಲ್‌ಗೆ ಬಂದಿವೆ. ವರ್ಷಕ್ಕೊಮ್ಮೆಯ ಎಣಿಕೆಯ ಜೊತೆಗೆ ನವೆಂಬರ್ ಲೋಡ್ ಬರುವ ಮುಂಚೆ ಒಂದು ಸಲ, ಕಾಫಿ ಸೀಸನ್ ಇಳಿದ ಮೇಲೆ ಒಂದು ಸಲ ಆ ಮಗಳೇ ಎಣಿಸುತ್ತಾಳೆ. ಎಣಿಸುವಾಗ ಪರದೆಯ ಅಂಕಿಯನ್ನು ಹುಡುಗರಿಗೆ ಹೇಳುವುದಿಲ್ಲ. ಹೇಳಿದರೆ ಅದೇ ಅಂಕಿ ಬರುವವರೆಗೆ ಎಣಿಸುತ್ತಾರೆ. ಚೀಟಿ ಪುಸ್ತಕವನ್ನು ಪ್ರತಿ ದಿನ ಸಂಜೆ ಬಿಲ್‌ಗೆ ಹತ್ತಿಸಿಯೇ ಶಟರ್ ಎಳೆಯುತ್ತಾರೆ.