ಸಾಲ ತಂದ ವರ್ಷ ಕಂಪನಿಯ ಬೆಲೆ ಏರುತ್ತದೆಯೇ?

ಪ್ರಶ್ನೆ: ಎಫ್‌ಸಿಎಫ್‌ಇ, ಅಂದರೆ ಮಾಲೀಕರ ಪಾಲಿಗೆ ಉಳಿಯುವ ನಗದಿನ ಲೆಕ್ಕದಲ್ಲಿ ನಿವ್ವಳ ಸಾಲವನ್ನು ಕೂಡಿಸುತ್ತೇವಲ್ಲ ಸಾರ್, ಹಾಗಾದರೆ ಸಾಲ ಹೆಚ್ಚಿಸಿದಷ್ಟೂ ಮಾಲೀಕರ ಪಾಲಿನ ಬೆಲೆ ಹೆಚ್ಚಬೇಕಲ್ಲವೇ?

ಶಿವಮೊಗ್ಗದ ನನ್ನ ಸಂಜೆ ತರಗತಿಯಲ್ಲಿ ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಹೆಚ್ಚುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಮುಂದಿನ ವಾರ ಅದೇ ತಪ್ಪು ಎಕ್ಸೆಲ್ ಹಾಳೆಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಸಲ ಪೂರ್ತಿಯಾಗಿ ಬರೆದಿಡುತ್ತೇನೆ.

ಸೂತ್ರ ನಿಮಗೆ ಗೊತ್ತೇ ಇದೆ. ನಿವ್ವಳ ಲಾಭಕ್ಕೆ ಸವಕಳಿ ಕೂಡಿಸಿ, ಯಂತ್ರ-ಕಟ್ಟಡದ ಖರ್ಚನ್ನೂ ದುಡಿಯುವ ಬಂಡವಾಳದ ಏರಿಕೆಯನ್ನೂ ಕಳೆದು, ಕೊನೆಗೆ ನಿವ್ವಳ ಸಾಲ ಸೇರಿಸುವುದು. ನಿವ್ವಳ ಸಾಲವೆಂದರೆ ಹೊಸದಾಗಿ ಎತ್ತಿದ ಸಾಲದಲ್ಲಿ ಆ ವರ್ಷ ಕಟ್ಟಿದ ಅಸಲನ್ನು ಕಳೆದು ಉಳಿದದ್ದು. ಮಾರ್ಚಿನಲ್ಲಿ ಸೊಸೈಟಿಯ ಬೆಳೆಸಾಲ ಕಟ್ಟಿ ಕೆಲವೇ ದಿನದಲ್ಲಿ ಅಷ್ಟನ್ನೇ ಮತ್ತೆ ಎತ್ತುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ನಿವ್ವಳ ಸಾಲ ಸೊನ್ನೆ. ಬಡ್ಡಿಯನ್ನು ಇಲ್ಲಿ ಇನ್ನೊಮ್ಮೆ ಕಳೆಯಬೇಡಿ, ಅದು ಲಾಭ ತೆಗೆಯುವಾಗಲೇ ಹೋಗಿದೆ.

ಈಗ ಲೆಕ್ಕಕ್ಕೆ ಬರೋಣ. ತೀರ್ಥಹಳ್ಳಿ ಕಡೆ ಅಡಿಕೆ ಸುಲಿದು ಬೇಯಿಸುವ ಒಂದು ಘಟಕ ಇದೆ ಎಂದುಕೊಳ್ಳಿ. ಎಲ್ಲ ಖರ್ಚು ಕಳೆದು ವರ್ಷಕ್ಕೆ 12 ಲಕ್ಷ ಉಳಿಯುತ್ತದೆ, ಮುಂದೆಯೂ ಅಷ್ಟೇ. ಸಾಲವಿಲ್ಲ. ಇಂಥ ವ್ಯವಹಾರಕ್ಕೆ ಹಣ ಹಾಕುವವರು ಬಯಸುವ ಪ್ರತಿಫಲ ಶೇ. 12. 12 ಲಕ್ಷವನ್ನು ಶೇ. 12ರಿಂದ ಭಾಗಿಸಿದರೆ ಬೆಲೆ 100 ಲಕ್ಷ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ.

ಮೊದಲ ವರ್ಷದ ಕೊನೆಗೆ ಮಾಲೀಕರು ಶೇ. 9ರ ಬಡ್ಡಿಗೆ 40 ಲಕ್ಷ ಸಾಲ ತೆಗೆದು, ಅಷ್ಟನ್ನೂ ಮನೆಗೆ ಒಯ್ಯುತ್ತಾರೆ. ಆ ವರ್ಷದ ಎಫ್‌ಸಿಎಫ್‌ಇ 52 ಲಕ್ಷ. ಮುಂದೆ ಪ್ರತಿವರ್ಷ 3.6 ಲಕ್ಷ ಬಡ್ಡಿ ಹೋಗಿ 8.4 ಲಕ್ಷ ಉಳಿಯುತ್ತದೆ. ವಿದ್ಯಾರ್ಥಿಗಳು ಎಲ್ಲವನ್ನೂ ಅದೇ ಶೇ. 12ರಲ್ಲಿ ಡಿಸ್ಕೌಂಟ್ ಮಾಡಿ ಇಂದಿನ ಬೆಲೆಗೆ ಇಳಿಸುತ್ತಾರೆ. 8.4 ಲಕ್ಷದ ಸರಣಿಗೆ ವರ್ಷದ ಕೊನೆಯ ಬೆಲೆ 70 ಲಕ್ಷ. ಅದಕ್ಕೆ 52 ಸೇರಿಸಿ 1.12ರಿಂದ ಭಾಗಿಸಿದರೆ ಸುಮಾರು 109 ಲಕ್ಷ. ಒಂದು ಅಡಿಕೆಯೂ ಹೆಚ್ಚು ಸುಲಿಯದೆ 9 ಲಕ್ಷ ಹುಟ್ಟಿಬಿಟ್ಟಿತು! 52 ಲಕ್ಷವೇ ಪ್ರತಿವರ್ಷ ಬರುತ್ತದೆಂದು ಟರ್ಮಿನಲ್ ವ್ಯಾಲ್ಯೂಗೆ, ಅಂದರೆ ಮುಂದಿನ ಎಲ್ಲ ವರ್ಷಗಳ ಒಟ್ಟು ಬೆಲೆಗೆ ಹಾಕಿದವರಿಗೆ 433 ಲಕ್ಷ ಬಂದದ್ದನ್ನೂ ನೋಡಿದ್ದೇನೆ.

ತಪ್ಪಿರುವುದು ದರದಲ್ಲಿ. ಸಾಲ ಬಂದ ಮೇಲೆ ಬ್ಯಾಂಕಿಗೆ ಮೊದಲ ಹಕ್ಕು. ಕೊಳೆರೋಗ ಬಂದು ಮಾಲು ಕಡಿಮೆಯಾದ ವರ್ಷದ ಪೆಟ್ಟೆಲ್ಲ ಮಾಲೀಕರ ಪಾಲಿನ ಮೇಲೆಯೇ ಬೀಳುತ್ತದೆ. ಹಾಗಾಗಿ ಅವರು ಬಯಸುವ ಪ್ರತಿಫಲ ಏರಲೇಬೇಕು:

```
ke = ku + (ku − kd) × D/E
ke = 12 + (12 − 9) × 40/60 = 14
```

ಇಲ್ಲಿ `ke` ಸಾಲವಿರುವಾಗ ಮಾಲೀಕರು ಬಯಸುವ ದರ, `ku` ಸಾಲವಿಲ್ಲದಾಗಿನ ದರ, `kd` ಬಡ್ಡಿದರ, `D/E` ಸಾಲಕ್ಕೂ ಮಾಲೀಕರ ಪಾಲಿಗೂ ಇರುವ ಅನುಪಾತ. ಈ ಪಾಲು ಮಾರುಕಟ್ಟೆ ಬೆಲೆಯದ್ದಾಗಬೇಕು, ಬ್ಯಾಲೆನ್ಸ್ ಶೀಟಿನದ್ದಲ್ಲ; ಇಲ್ಲಿ ಘಟಕದ ಬೆಲೆ 100ರಲ್ಲಿ 40 ಸಾಲ ಕಳೆದು 60. 8.4 ಲಕ್ಷವನ್ನು ಶೇ. 14ರಿಂದ ಭಾಗಿಸಿದರೆ 60 ಲಕ್ಷ. 52 ಸೇರಿಸಿ 112. ಮೊದಲ ವರ್ಷ ಸಾಲವಿರಲಿಲ್ಲವಾದ್ದರಿಂದ ಆ ವರ್ಷಕ್ಕೆ ಶೇ. 12ರದೇ ದರ, 1.12ರಿಂದ ಭಾಗಿಸಿ. 100 ಲಕ್ಷ. ಬೆಲೆ ಕದಲಲಿಲ್ಲ.

ತೆರಿಗೆ ತಂದರೆ ಸ್ವಲ್ಪ ಬೆಲೆ ನಿಜವಾಗಿ ಹೆಚ್ಚುತ್ತದೆ, ಏಕೆಂದರೆ ಬಡ್ಡಿಯಿಂದ ತೆರಿಗೆ ಉಳಿಯುತ್ತದೆ. ಅದಕ್ಕೆ ಕಾರಣ ಆ ಉಳಿತಾಯ ಮಾತ್ರ, ಕೈಗೆ ಬಂದ ಅಸಲಲ್ಲ. ಆಗ ಮೇಲಿನ ಸೂತ್ರವನ್ನೂ ಅದಕ್ಕೆ ತಕ್ಕಂತೆ ತಿದ್ದಬೇಕು. ಸಾಲ ಅತಿಯಾದರೆ ಬಡ್ಡಿದರವೇ ಏರಿ ಆ ಲಾಭವನ್ನೂ ತಿನ್ನುತ್ತದೆ.

ಇದರ ತಿರುಗುಮುರುಗು ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಆದರೆ ನಷ್ಟವಾಗುವುದು ಅಲ್ಲಿಯೇ. ಅದೇ ಘಟಕಕ್ಕೆ ಈಗಾಗಲೇ 40 ಲಕ್ಷ ಸಾಲವಿದ್ದು, ವರ್ಷದ ಕೊನೆಗೆ ಎಲ್ಲವನ್ನೂ ತೀರಿಸುತ್ತಾರೆ ಎನ್ನೋಣ. ಆ ವರ್ಷದ ಎಫ್‌ಸಿಎಫ್‌ಇ 8.4ರಲ್ಲಿ 40 ಕಳೆದು ಮೈನಸ್ 31.6 ಲಕ್ಷ. ಮೈನಸ್ ಕಂಡೊಡನೆ ಹೆದರಬೇಡಿ, ಮಾಲೀಕರು ಅಷ್ಟು ಹಣ ತಂದು ಹಾಕುತ್ತಾರೆ ಎಂದಷ್ಟೇ ಅದರ ಅರ್ಥ. ಸಾಲ ತೀರಿದ ಮೇಲೆ ಘಟಕ ಪೂರ್ತಿ ಅವರದೇ, 100 ಲಕ್ಷ. ಅದರಲ್ಲಿ 31.6 ಕಳೆದು 68.4; ಮೊದಲ ವರ್ಷ ಸಾಲವಿತ್ತು, ಹಾಗಾಗಿ 1.14ರಿಂದ ಭಾಗಿಸಿ. 60 ಲಕ್ಷ. ಕೊನೆಯವರೆಗೂ ಶೇ. 14ನ್ನೇ ಹಿಡಿದು ಕೂತವರಿಗೆ ಬರುವುದು ಸುಮಾರು 47.5 ಲಕ್ಷ. ಪಾಲುದಾರ ಅಣ್ಣತಮ್ಮಂದಿರಲ್ಲಿ ಒಬ್ಬರು ಹೊರಹೋಗುವಾಗ ಈ ಲೆಕ್ಕ ಹಿಡಿದರೆ ಅವರಿಗೆ ಅನ್ಯಾಯವಾಗುತ್ತದೆ.

ಸಾಲ ನಾಲ್ಕೈದು ವರ್ಷದಲ್ಲಿ ಕಂತುಕಂತಾಗಿ ತೀರುವುದಾದರೆ ದರ ಪ್ರತಿವರ್ಷ ಬದಲಾಗುತ್ತದೆ. ದರಕ್ಕೆ ಪಾಲಿನ ಬೆಲೆ ಬೇಕು, ಪಾಲಿನ ಬೆಲೆಗೆ ದರ ಬೇಕು. ಈ ಸುತ್ತು ಬಿಡಿಸಲು ಸಾಲ ಸ್ಥಿರವಾಗುವ ಕೊನೆಯ ವರ್ಷದಿಂದ ಶುರುಮಾಡಿ ಒಂದೊಂದೇ ವರ್ಷ ಹಿಂದಕ್ಕೆ ಬನ್ನಿ. ಕೊನೆಗೆ, ಇಡೀ ಘಟಕದ ಬೆಲೆಯಲ್ಲಿ ಇಂದಿನ ಸಾಲ ಕಳೆದು ತಾಳೆ ನೋಡಿ. ಇಲ್ಲಿ 100ರಲ್ಲಿ 40 ಹೋಗಿ 60. ಎರಡು ದಾರಿಯ ಉತ್ತರ ಹೊಂದದಿದ್ದರೆ, ಯಾವುದೋ ಒಂದು ವರ್ಷಕ್ಕೆ ಹಳೆಯ ದರವೇ ಉಳಿದಿದೆಯೇ ಎಂದು ಮೊದಲು ಹುಡುಕಿ.